ಕೋರ್ಟ್ ಆದೇಶವನ್ನು ಮನೆಯವರಿಗೆ ತಿಳಿಯುವ ಹಾಗೆ ಬರೆಯುವುದು ಹೇಗೆ? ಒಂದು ಜೀವನಾಂಶದ ಆದೇಶ ಇಟ್ಟುಕೊಂಡು ಪದೇ ಪದೇ ಕೇಳುವ ಪ್ರಶ್ನೆಗಳು

ವಕೀಲರ ಆಫೀಸಿನಲ್ಲಿ ನನ್ನ ಕೆಲಸದಲ್ಲಿ ಅರ್ಧ ಭಾಗ ಇದೇ. ಕಕ್ಷಿದಾರರು ಆದೇಶದ ಪ್ರತಿ ಹಿಡಿದು ಬರುತ್ತಾರೆ, "ಏನಂತೆ ಹೇಳಿ" ಅಂತಾರೆ. ಹದಿನೆಂಟು ಪುಟವನ್ನು ಒಂದು ಪುಟ ಮಾಡಿ ಕೊಡಬೇಕು. ಆ ಒಂದು ಪುಟವನ್ನು ನಾನು ಮೂರು ಭಾಗ ಮಾಡುತ್ತೇನೆ: ಕೋರ್ಟ್ ಏನು ತೀರ್ಮಾನ ಮಾಡಿತು, ಯಾಕೆ ಮಾಡಿತು, ಈಗ ಯಾರು ಏನು ಮಾಡಬೇಕು. ಇಲ್ಲಿರುವ ಉದಾಹರಣೆ ನಾನೇ ಕಟ್ಟಿದ ಮಾದರಿ, ಯಾರದ್ದೋ ನಿಜವಾದ ಕೇಸಲ್ಲ. ಆದರೆ ಅದರ ಸಾಲುಗಳೆಲ್ಲ ನಮ್ಮ ಕೋರ್ಟುಗಳಲ್ಲಿ ದಿನಾ ಕಾಣುವಂಥವು.

ಆದೇಶ ಕೈಗೆ ಬಂದ ಕೂಡಲೇ ಎಲ್ಲಿಂದ ಓದಬೇಕು?

ಕೊನೆಯಿಂದ. ಕೊನೆಯ ಪುಟದಲ್ಲೋ ಅದರ ಹಿಂದಿನ ಪುಟದಲ್ಲೋ ನಡುವೆ ದಪ್ಪ ಅಕ್ಷರದಲ್ಲಿ "ಆದೇಶ" ಅಂತ ಒಂದು ತಲೆಬರಹ ಇರುತ್ತದೆ. ಅದರ ಕೆಳಗಿನ ಆರೇಳು ಸಾಲೇ ತೀರ್ಮಾನ. ಜಾರಿಯಾಗುವುದು ಅಷ್ಟೇ. ಮೊದಲ ಪುಟದಲ್ಲೂ "ಆದೇಶ" ಎಂಬ ಪದ ಕಾಣಬಹುದು. ಅದು ಇಡೀ ಕಾಗದದ ಹೆಸರು ಮಾತ್ರ, ಅಲ್ಲಿ ನಿಲ್ಲಬೇಡಿ.

ಆಮೇಲೆ ನಡುವೆ ಎಲ್ಲೋ ಇರುವ "ಪರಿಗಣನೆಗೆ ಬರುವ ಅಂಶಗಳು" ಹುಡುಕಿ. ನಮ್ಮ ಕರ್ನಾಟಕದ ಕೆಳ ಕೋರ್ಟುಗಳಲ್ಲಿ ಇದೊಂದು ಒಳ್ಳೆಯ ರೂಢಿ. ನ್ಯಾಯಾಧೀಶರು ತಮಗೆ ತಾವೇ ಎರಡು ಮೂರು ಪ್ರಶ್ನೆ ಹಾಕಿಕೊಳ್ಳುತ್ತಾರೆ. ಕೆಳಗೇ ಒಂದೊಂದು ಪದದ ಉತ್ತರ ಬರೆಯುತ್ತಾರೆ: ಸಕಾರಾತ್ಮಕ, ನಕಾರಾತ್ಮಕ, ಭಾಗಶಃ ಸಕಾರಾತ್ಮಕ. ಕೊನೆಯ ಪ್ರಶ್ನೆ ಯಾವಾಗಲೂ "ಏನು ಆದೇಶ?" ಎಂದೇ ಇರುತ್ತದೆ. ಅದರ ಉತ್ತರ "ಅಂತಿಮ ಆದೇಶದಂತೆ". ಅಲ್ಲಿಂದ ಮುಂದೆ "ಕಾರಣಗಳು" ಶುರು. ಅಂದರೆ ನೀವು ಮಾಡಬೇಕಾದ ವಿಂಗಡಣೆಯಲ್ಲಿ ಅರ್ಧವನ್ನು ನ್ಯಾಯಾಧೀಶರೇ ಮಾಡಿಟ್ಟಿರುತ್ತಾರೆ.

ಮಾದರಿ ಆದೇಶ ಹೇಗಿದೆ, ತೋರಿಸಿ.

ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳು ಜೀವನಾಂಶ ಕೇಳಿ 2022ರ ಜುಲೈ 10ರಂದು ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿದ್ದಾರೆ. ಹೆಂಡತಿಗೆ 15,000, ಮಗಳಿಗೆ 10,000 ಕೇಳಿದ್ದಾರೆ. ಆದೇಶ ಬಂದದ್ದು 2025ರ ಮಾರ್ಚ್ 10ರಂದು. ಕೊನೆಯ ಪುಟ ಹೀಗಿದೆ:

"ಅರ್ಜಿದಾರರು ದಂಡ ಪ್ರಕ್ರಿಯಾ ಸಂಹಿತೆಯ ಕಲಂ 125ರ ಅಡಿ ಸಲ್ಲಿಸಿದ ಅರ್ಜಿಯನ್ನು ಭಾಗಶಃ ಪುರಸ್ಕರಿಸಲಾಗಿದೆ. ಎದುರುದಾರನು 1ನೇ ಅರ್ಜಿದಾರಳಿಗೆ ಮಾಸಿಕ ರೂ. 6,000 ಹಾಗೂ 2ನೇ ಅರ್ಜಿದಾರಳಿಗೆ ಆಕೆ ಪ್ರಾಯಪ್ರಬುದ್ಧಳಾಗುವವರೆಗೆ ಮಾಸಿಕ ರೂ. 4,000 ಜೀವನಾಂಶವನ್ನು ಅರ್ಜಿಯ ದಿನಾಂಕದಿಂದ ಪಾವತಿಸತಕ್ಕದ್ದು. ಮಧ್ಯಂತರ ಜೀವನಾಂಶವಾಗಿ ಈಗಾಗಲೇ ಪಾವತಿಸಿರುವ ಮೊತ್ತವನ್ನು ಬಾಕಿಯಲ್ಲಿ ವಜಾ ಮಾಡಿಕೊಳ್ಳತಕ್ಕದ್ದು. ಬಾಕಿಯನ್ನು ಈ ಆದೇಶದ ದಿನಾಂಕದಿಂದ ಮೂರು ತಿಂಗಳ ಒಳಗೆ ಪಾವತಿಸತಕ್ಕದ್ದು. ಮುಂದಿನ ಜೀವನಾಂಶವನ್ನು ಪ್ರತಿ ತಿಂಗಳ 10ನೇ ತಾರೀಖಿನೊಳಗೆ 1ನೇ ಅರ್ಜಿದಾರಳ ಬ್ಯಾಂಕ್ ಖಾತೆಗೆ ಜಮಾ ಮಾಡತಕ್ಕದ್ದು. ವ್ಯಾಜ್ಯದ ಖರ್ಚಿಗಾಗಿ ರೂ. 5,000 ಪಾವತಿಸತಕ್ಕದ್ದು. ಆದೇಶದ ಒಂದು ಪ್ರತಿಯನ್ನು ಅರ್ಜಿದಾರರಿಗೆ ಉಚಿತವಾಗಿ ನೀಡತಕ್ಕದ್ದು."

ಅರ್ಜಿ ಹಾಕಿದ್ದು 2024ರ ಜುಲೈ 1ಕ್ಕಿಂತ ಮುಂಚೆ. ಹಾಗಾಗಿ ಹಳೆಯ ಸಂಹಿತೆಯ ಕಲಂ 125 ಕಾಣುತ್ತದೆ. ಆ ದಿನದಿಂದೀಚೆಗೆ ಹಾಕಿದ ಅರ್ಜಿಗಳಲ್ಲಿ ಇದೇ ವಿಷಯಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144 ಎಂದಿರುತ್ತದೆ. ಸಾರಾಂಶ ಓದುವವರಿಗೆ ಈ ನಂಬರುಗಳಿಂದ ಏನೂ ಆಗಬೇಕಾಗಿಲ್ಲ. ತಲೆಬರಹದಲ್ಲಿ ಒಮ್ಮೆ ಬರೆದು ಬಿಟ್ಟುಬಿಡಿ.

"ಭಾಗಶಃ ಪುರಸ್ಕರಿಸಲಾಗಿದೆ" ಅಂದ್ರೆ ಗೆದ್ದಂಗಾ, ಸೋತಂಗಾ?

ಎರಡೂ ಪದ ಬಳಸಬೇಡಿ. ಹೆಂಡತಿ ಕಡೆಯವರು "ಗೆದ್ವಿ" ಅಂತಾರೆ, ಗಂಡನ ಕಡೆಯವರು "ಅರ್ಧಕ್ಕಿಂತ ಜಾಸ್ತಿ ಕಡಿಮೆ ಮಾಡಿಸಿದ್ವಿ" ಅಂತಾರೆ. ಇಬ್ಬರೂ ಒಂದೇ ಸಾಲನ್ನು ಓದಿರುತ್ತಾರೆ. ಕೇಳಿದ್ದು ಎಷ್ಟು, ಕೊಟ್ಟದ್ದು ಎಷ್ಟು ಎಂದು ಅಕ್ಕಪಕ್ಕ ಬರೆಯಿರಿ: "ಇಬ್ಬರಿಗೂ ಸೇರಿ ತಿಂಗಳಿಗೆ 25,000 ಕೇಳಿದ್ದರು. ಕೋರ್ಟ್ 10,000 ಕೊಟ್ಟಿದೆ. ಹೆಂಡತಿಗೆ 6,000, ಮಗಳಿಗೆ 4,000." ಇನ್ನು ವ್ಯಾಖ್ಯಾನವೇ ಬೇಡ.

ಆದೇಶದಲ್ಲಿ "ವಜಾ" ಅಂತಿದೆ. ಕೇಸ್ ವಜಾ ಆಯ್ತಾ?

ಇಲ್ಲ. ಈ ಒಂದು ಪದ ಕಂಡು ಅತ್ತವರನ್ನು ನೋಡಿದ್ದೇನೆ. "ಅರ್ಜಿಯನ್ನು ವಜಾ ಮಾಡಲಾಗಿದೆ" ಅಂದರೆ ಅರ್ಜಿ ತಳ್ಳಿಹಾಕಿದರು ಎಂದು. "ಬಾಕಿಯಲ್ಲಿ ವಜಾ ಮಾಡಿಕೊಳ್ಳತಕ್ಕದ್ದು" ಅಂದರೆ ಬಾಕಿಯಿಂದ ಕಳೆಯಿರಿ ಎಂದು. ಅಂಗಡಿ ಲೆಕ್ಕದಲ್ಲಿ "ಅಡ್ವಾನ್ಸ್ ವಜಾ ಹಾಕ್ಕೊಳ್ಳಿ" ಅನ್ನುವುದಿಲ್ವಾ, ಅದೇ ವಜಾ. ಸಾರಾಂಶದಲ್ಲಿ ಆ ಪದವನ್ನೇ ಬಿಟ್ಟು "ಕಳೆಯಬೇಕು" ಎಂದು ಬರೆಯಿರಿ.

ತೀರ್ಮಾನದ ಭಾಗದಲ್ಲಿ ಎಲ್ಲರೂ ತಪ್ಪುವುದು ಎಲ್ಲಿ?

"ಅರ್ಜಿಯ ದಿನಾಂಕದಿಂದ" ಎಂಬ ಎರಡು ಪದದಲ್ಲಿ. ನಾನೂ ತಪ್ಪಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೆಂಗಸಿಗೆ "ತಿಂಗಳಿಗೆ ಇಷ್ಟು ಬರುತ್ತಮ್ಮ" ಎಂದಷ್ಟೇ ಹೇಳಿ ಕಳಿಸಿದ್ದೆ. ವಾರ ಬಿಟ್ಟು ಬಂದರು. ಗಂಡನ ಕಡೆಯವರು ಒಂದು ಇಡುಗಂಟು ಕೊಟ್ಟು ಮುಗಿಸೋಣ ಎಂದಿದ್ದರು, ಇವರು ಹೂಂ ಅನ್ನುವುದರಲ್ಲಿದ್ದರು. ಆ ಗಂಟು ಅವರಿಗೆ ಬರಬೇಕಿದ್ದ ಹಳೆಯ ಬಾಕಿಗಿಂತ ಕಡಿಮೆ ಇತ್ತು. ಬಾಕಿ ಅಂತ ಒಂದು ಇದೆ ಎಂದೇ ನಾನು ಹೇಳಿರಲಿಲ್ಲ.

ಮಾದರಿಯಲ್ಲಿ ಲೆಕ್ಕ ಹಾಕೋಣ. 2022ರ ಜುಲೈ 10ರಿಂದ 2025ರ ಮಾರ್ಚ್ 9ರವರೆಗೆ 32 ತಿಂಗಳು. ತಿಂಗಳಿಗೆ 10,000ದಂತೆ 3,20,000. ನಡುವೆ ತಿಂಗಳಿಗೆ 3,000 ಮಧ್ಯಂತರ ಜೀವನಾಂಶ ಕೊಡಲು ಕೋರ್ಟ್ ಹೇಳಿತ್ತು. ಗಂಡ 20 ತಿಂಗಳು ಕೊಟ್ಟಿದ್ದಾನೆ, ಅಂದರೆ 60,000. ಅದನ್ನು ಕಳೆದರೆ ಬಾಕಿ 2,60,000. ವ್ಯಾಜ್ಯದ ಖರ್ಚು 5,000 ಬೇರೆ.

ಇಲ್ಲಿ ಎಚ್ಚರ ಬೇಕು. ಕಳೆಯಬೇಕಾದ್ದು ಕೊಟ್ಟ ಹಣವನ್ನು, ಕೊಡಬೇಕಿದ್ದ ಹಣವನ್ನಲ್ಲ. ಮಧ್ಯಂತರ ಆದೇಶ 26 ತಿಂಗಳು ಜಾರಿಯಲ್ಲಿದ್ದು ಆತ 20 ತಿಂಗಳಷ್ಟೇ ಕೊಟ್ಟಿದ್ದರೆ ಕಳೆಯುವುದು 20ರದ್ದು ಮಾತ್ರ. ಎಷ್ಟು ಬಂದಿದೆ ಎಂದು ಬ್ಯಾಂಕ್ ಪಾಸ್‌ಬುಕ್ಕಿನಿಂದಲೇ ನೋಡಿ, ಬಾಯಿಮಾತು ಕೇಳಬೇಡಿ.

ಇನ್ನೊಂದು ಮಾತು. 2,60,000 ಎಂಬ ಅಂಕಿ ಆದೇಶದಲ್ಲಿ ಎಲ್ಲೂ ಇಲ್ಲ, ಅದು ನಾವು ಹಾಕಿದ ಲೆಕ್ಕ. ಹಾಗಾಗಿ ಸಾರಾಂಶದಲ್ಲಿ "ನಮ್ಮ ಲೆಕ್ಕದ ಪ್ರಕಾರ" ಎಂದು ಸೇರಿಸಿ, ಲೆಕ್ಕವನ್ನು ಕೆಳಗೆ ಬಿಡಿಸಿ ತೋರಿಸಿ.

ಎಲ್ಲ ಜೀವನಾಂಶದ ಆದೇಶದಲ್ಲೂ ಅರ್ಜಿಯ ದಿನದಿಂದಲೇ ಕೊಡ್ತಾರಾ?

ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಹಾಗೆಯೇ ಕೊಡಬೇಕು ಎಂದು ಹೇಳಿದೆ. ಆದರೂ ಸಾರಾಂಶ ಬರೆಯುವಾಗ ನಿಮ್ಮ ಕೈಯಲ್ಲಿರುವ ಕಾಗದದಲ್ಲಿ ಏನಿದೆಯೋ ಅದನ್ನೇ ಬರೆಯಿರಿ. "ಆದೇಶದ ದಿನಾಂಕದಿಂದ" ಎಂದಿದ್ದರೆ ಹಾಗೇ ಬರೆದು, ವಕೀಲರನ್ನು ಕೇಳಿ ಎಂದು ಪಕ್ಕದಲ್ಲಿ ಗುರುತು ಹಾಕಿ. ಕೋರ್ಟಿನ ಪರವಾಗಿ ನಾವು ತಿದ್ದುವ ಹಾಗಿಲ್ಲ.

ಕಾರಣಗಳ ಭಾಗ ಹತ್ತು ಪುಟ ಇದೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು?

ಮೊದಲು ಯಾವುದು ಯಾರ ಮಾತು ಎಂದು ವಿಂಗಡಿಸಿ. ಪೆನ್ಸಿಲ್ ಹಿಡಿದು ಅಂಚಿನಲ್ಲಿ ಗುರುತು ಹಾಕುತ್ತಾ ಹೋಗಿ. "ಎಂದು ವಾದಿಸಿದ್ದಾರೆ", "ಎಂದು ಅರ್ಜಿಯಲ್ಲಿ ಹೇಳಲಾಗಿದೆ", "ಪರ ವಕೀಲರು" ಎಂದು ಬಂದರೆ ಅದು ಕಕ್ಷಿದಾರರ ಮಾತು. ಹಳೆಯ ತೀರ್ಪುಗಳಿಂದ ಎತ್ತಿ ಹಾಕಿದ ಪ್ಯಾರಾಗಳು ಬೇರೆ ಕೋರ್ಟಿನ ಮಾತು. "ಸಾಬೀತಾಗಿದೆ", "ನಂಬಲು ಅರ್ಹವಲ್ಲ", "ಈ ನ್ಯಾಯಾಲಯದ ಅಭಿಪ್ರಾಯ", "ಆದ್ದರಿಂದ" ಎಂದು ಬರುವಲ್ಲಿ ಮಾತ್ರ ಈ ನ್ಯಾಯಾಧೀಶರು ಮಾತಾಡುತ್ತಿದ್ದಾರೆ. ಹತ್ತು ಪುಟದಲ್ಲಿ ಅಂಥದ್ದು ಒಂದೂವರೆ ಪುಟ ಸಿಕ್ಕರೆ ಹೆಚ್ಚು.

ಮಾದರಿ ಆದೇಶದ ಮೂರನೇ ಪುಟದಲ್ಲಿ "ಎದುರುದಾರನಿಗೆ ಮಾಸಿಕ ರೂ. 60,000 ವರಮಾನವಿದೆ" ಎಂಬ ಸಾಲಿದೆ ಎನ್ನೋಣ. ಹೆಂಡತಿ ಕಡೆಯವರು ಅದಕ್ಕೆ ಹಳದಿ ಬಣ್ಣ ಬಳಿದು ತರುತ್ತಾರೆ. "ನೋಡಿ, ಕೋರ್ಟೇ ಒಪ್ಪಿಕೊಂಡಿದೆ, ಆದರೂ ಇಷ್ಟೇ ಯಾಕೆ?" ಆದರೆ ಆ ಪ್ಯಾರಾ ಶುರುವಾಗುವುದೇ "ಅರ್ಜಿಯ ಸಂಕ್ಷಿಪ್ತ ಸಾರಾಂಶವೇನೆಂದರೆ" ಎಂದು. ಅವರು ಹೇಳಿದ್ದನ್ನೇ ಕೋರ್ಟ್ ಬರೆದುಕೊಂಡಿದೆ, ಅಷ್ಟೇ. ಸಾಲು ಮಾತ್ರ ನೋಡಬೇಡಿ, ಅದು ಯಾವ ಪ್ಯಾರಾದಲ್ಲಿದೆ ನೋಡಿ.

ಹಾಗಾದರೆ ಮಾದರಿಯಲ್ಲಿ ನಿಜವಾದ ಕಾರಣಗಳು ಯಾವುವು?

ಆದೇಶದ ಪ್ರತಿ ಅಂಕಿಗೂ ಒಂದು "ಯಾಕೆ" ಹುಡುಕಿ. ಅಂಕಿಗೆ ಸಂಬಂಧವಿಲ್ಲದ ಕಾರಣವನ್ನು ಬಿಡಬಹುದು.

ಗಂಡ ಸ್ವಂತ ಗೂಡ್ಸ್ ಗಾಡಿ ಓಡಿಸುತ್ತಾನೆ. ತಿಂಗಳಿಗೆ 9,000 ಅಷ್ಟೇ ದುಡಿಯುತ್ತೇನೆ ಎಂದ. ಪಾಟೀ ಸವಾಲಿನಲ್ಲಿ ಗಾಡಿ ಸಾಲದ ಕಂತು ತಿಂಗಳಿಗೆ 11,500 ಕಟ್ಟುತ್ತೇನೆ ಎಂದು ಒಪ್ಪಿಕೊಂಡ. 9,000 ದುಡಿಯುವವನು 11,500 ಕಂತು ಕಟ್ಟಲು ಹೇಗೆ ಸಾಧ್ಯ ಎಂದು ಕೋರ್ಟ್ ಕೇಳಿದೆ. ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಹಾಕು ಎಂದರೂ ಹಾಕಲಿಲ್ಲ. ಆದಾಯ ಮುಚ್ಚಿಡುತ್ತಿದ್ದಾನೆ ಎಂದು ಕೋರ್ಟ್ ತೀರ್ಮಾನಿಸಿತು. ಜೀವನಾಂಶ ಕೊಟ್ಟದ್ದು ಇದಕ್ಕೆ.

ಹಾಗಿದ್ದರೆ ಕೇಳಿದಷ್ಟು ಯಾಕೆ ಕೊಡಲಿಲ್ಲ? ಗಂಡನಿಗೆ ಎರಡು ಎಕರೆ ತೋಟ ಇದೆ ಎಂದು ಹೆಂಡತಿ ಹೇಳಿದ್ದರು. ಹಾಜರುಪಡಿಸಿದ ಪಹಣಿಯಲ್ಲಿ ಇದ್ದದ್ದು ಅಜ್ಜನ ಹೆಸರು. ಪಾಲು ಆಗಿರಲಿಲ್ಲ. ತೋಟದ ಆದಾಯವನ್ನು ಕೋರ್ಟ್ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಜೊತೆಗೆ ಹೆಂಡತಿ ಟೈಲರಿಂಗ್‌ನಿಂದ ತಿಂಗಳಿಗೆ 4,000 ದುಡಿಯುತ್ತೇನೆ ಎಂದು ಒಪ್ಪಿದ್ದರು. ಅಷ್ಟರಲ್ಲಿ ಜೀವನ ನಡೆಯದು, ಆದರೆ ಅದನ್ನು ಗಮನದಲ್ಲಿಡಬೇಕು ಎಂದು ಕೋರ್ಟ್ ಹೇಳಿದೆ.

ಈ ಎರಡು ಪ್ಯಾರಾ ಸಾಕು. ಎರಡನೆಯದನ್ನು ಬಿಡಬೇಡಿ. ನಮ್ಮ ಕಕ್ಷಿದಾರರಿಗೆ ಹಿತವಾದ ಕಾರಣ ಬರೆದು ಕಹಿಯಾದದ್ದು ಬಿಟ್ಟರೆ ಮೇಲಿನ ಕೋರ್ಟಿಗೆ ಹೋಗಬೇಕೋ ಬೇಡವೋ ಎಂದು ಅವರು ತಪ್ಪು ಲೆಕ್ಕ ಹಾಕುತ್ತಾರೆ. ಇಲ್ಲಿ ಪಹಣಿ ಒಂದೇ ಎಷ್ಟು ವ್ಯತ್ಯಾಸ ಮಾಡಿದೆ, ಅಲ್ವಾ?

ಗಂಡ ಹಿಂಸೆ ಕೊಟ್ಟ ಅಂತ ಅರ್ಜಿಯಲ್ಲಿ ಇತ್ತು. ಅದರ ಬಗ್ಗೆ ಕೋರ್ಟ್ ಏನಂದಿದೆ ಅಂತ ಬರೆಯಬೇಕಾ?

ಏನಾದರೂ ತೀರ್ಮಾನಿಸಿದ್ದರೆ ಬರೆಯಿರಿ. ಮಾದರಿಯಲ್ಲಿ "ಸದರಿ ಆರೋಪವನ್ನು ಈ ಅರ್ಜಿಯಲ್ಲಿ ನಿರ್ಧರಿಸುವ ಅಗತ್ಯವಿಲ್ಲ" ಎಂದಿದೆ. ಅದನ್ನು ಹಾಗೇ ಒಂದು ಸಾಲಿನಲ್ಲಿ ಹೇಳಿ. "ಹಿಂಸೆ ಸಾಬೀತಾಗಲಿಲ್ಲ" ಎಂದು ಬರೆದರೆ ತಪ್ಪು. "ಸಾಬೀತಾಯಿತು" ಎಂದರೂ ತಪ್ಪು. ಕೋರ್ಟ್ ಆ ಪ್ರಶ್ನೆಯನ್ನು ಮುಟ್ಟಲೇ ಇಲ್ಲ.

ಮಾಡಬೇಕಾದ ಕೆಲಸಗಳನ್ನು ಹೇಗೆ ಹೆಕ್ಕುವುದು?

"ತಕ್ಕದ್ದು" ಎಂಬ ಪದದ ಕೆಳಗೆಲ್ಲ ಗೆರೆ ಎಳೆಯಿರಿ. ಪಾವತಿಸತಕ್ಕದ್ದು, ಜಮಾ ಮಾಡತಕ್ಕದ್ದು, ನೀಡತಕ್ಕದ್ದು. ಇಂಗ್ಲಿಷ್ ಆದೇಶದಲ್ಲಾದರೆ "ಶಲ್" ಮತ್ತು "ಡೈರೆಕ್ಟೆಡ್ ಟು" ಎಂಬಲ್ಲಿ ಎಳೆಯಿರಿ. ಮಾದರಿಯಲ್ಲಿ ಆರು ತಕ್ಕದ್ದು ಇವೆ. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ ಕೇಳಿ: ಯಾರು, ಏನು, ಯಾರಿಗೆ, ಯಾವಾಗೊಳಗೆ.

ಕೇಳಿದರೆ ಸಂದು ಕಾಣುತ್ತವೆ. ಬಾಕಿಗೆ ಮೂರು ತಿಂಗಳ ಗಡುವು ಇದೆ. ಆದೇಶ ಮಾರ್ಚ್ 10ರದ್ದು, ಹಾಗಾಗಿ ಜೂನ್ 10. ಸಾರಾಂಶದಲ್ಲಿ "ಮೂರು ತಿಂಗಳು" ಎಂದು ಬಿಡದೆ ತಾರೀಖನ್ನೇ ಬರೆಯಿರಿ. ಏಕೆಂದರೆ ಜನ ಪ್ರತಿ ಕೈಗೆ ಬಂದ ದಿನದಿಂದ ಎಣಿಸುತ್ತಾರೆ. ವ್ಯಾಜ್ಯದ ಖರ್ಚು 5,000ಕ್ಕೆ ಗಡುವೇ ಇಲ್ಲ. ಅದೂ ಜೂನ್ 10ಕ್ಕೇ ಇರಬೇಕು ಎಂದು ಊಹಿಸಿ ಬರೆಯಬೇಡಿ. "ಗಡುವು ಹೇಳಿಲ್ಲ" ಎಂದೇ ಬರೆಯಿರಿ.

ಕೊನೆಯ ತಕ್ಕದ್ದು ಕೋರ್ಟಿನ ಕಚೇರಿಗೆ ಹೇಳಿದ್ದು. ಜೀವನಾಂಶ ಪಡೆಯುವವರಿಗೆ ಆದೇಶದ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು ಎಂದು ಕಾನೂನಿನಲ್ಲೇ ಇದೆ. ಇದನ್ನು ಹೇಳದಿದ್ದರೆ ಜನ ನಕಲು ಅರ್ಜಿ, ಸ್ಟಾಂಪು ಎಂದು ಓಡಾಡುತ್ತಿರುತ್ತಾರೆ.

ಹೆಂಡತಿಗೂ ಒಂದು ಕೆಲಸ ಇದೆ. ಆದೇಶದಲ್ಲಿ ನೇರವಾಗಿ ಬರೆದಿಲ್ಲ, ಆದರೆ ಖಾತೆ ನಂಬರ್ ಕೊಡದೆ ಆತ ಜಮಾ ಮಾಡುವುದು ಹೇಗೆ? ವಕೀಲರ ಮೂಲಕ ಬರವಣಿಗೆಯಲ್ಲಿ ಕೊಡಿಸಿ.

ಗಂಡ ಕೊಡದಿದ್ದರೆ ಏನು ಮಾಡಬೇಕು, ಅದನ್ನೂ ಸಾರಾಂಶದಲ್ಲಿ ಬರೆಯಬೇಕಾ?

ಬರೆಯಿರಿ, ಆದರೆ ಗೆರೆ ಎಳೆದು ಕೆಳಗೆ ಬೇರೆ ಬರೆಯಿರಿ. "ಇದು ಆದೇಶದಲ್ಲಿಲ್ಲ, ಕಾನೂನಿನಲ್ಲಿದೆ" ಎಂದು ಮೇಲೆ ಹಾಕಿ. ಎರಡನ್ನೂ ಬೆರೆಸಿದರೆ "ಕೊಡದಿದ್ರೆ ಜೈಲು ಅಂತ ಜಡ್ಜ್ ಬರೆದಿದ್ದಾರೆ" ಎಂದು ಊರೆಲ್ಲ ಸುದ್ದಿಯಾಗುತ್ತದೆ.

ಅಲ್ಲಿ ಬರಬೇಕಾದ್ದು ಇಷ್ಟು. ಕೊಡದಿದ್ದರೆ ವಸೂಲಿ ಅರ್ಜಿ ಹಾಕಬೇಕು, ತಾನಾಗಿ ಏನೂ ಆಗುವುದಿಲ್ಲ. ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬೀಳಬೇಕು. ಸಾರಾಂಶದಲ್ಲಿ ದಪ್ಪಕ್ಷರ ಹಾಕಬೇಕಾದ ಸಾಲು ಒಂದಿದ್ದರೆ ಇದೇ. "ಇವತ್ತು ಕೊಡ್ತಾನೆ, ನಾಳೆ ಕೊಡ್ತಾನೆ" ಎಂದು ಕಾದು ಕೂತವರು ಕೈ ಸುಟ್ಟುಕೊಳ್ಳುವುದು ಇಲ್ಲೇ. ಸರಿಯಾದ ಕಾರಣವಿಲ್ಲದೆ ಕೊಡದವನಿಗೆ ವಾರಂಟ್ ಹೊರಡಬಹುದು. ಆಮೇಲೂ ಉಳಿದ ಬಾಕಿಗೆ ಒಂದೊಂದು ತಿಂಗಳ ಜೀವನಾಂಶಕ್ಕೆ ಒಂದು ತಿಂಗಳವರೆಗೆ ಸಜೆ ಆಗಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಹಿಂದೆಯೇ ಸ್ಪಷ್ಟ ಮಾಡಿದೆ.

ಆದೇಶ ಒಪ್ಪಿಗೆ ಇಲ್ಲದಿದ್ದರೆ ಯಾವ ಕಡೆಯವರಾದರೂ ಹೈಕೋರ್ಟಿನಲ್ಲಿ ರಿವಿಷನ್, ಅಂದರೆ ಆದೇಶ ಪರಿಶೀಲಿಸಿ ಎಂಬ ಅರ್ಜಿ ಹಾಕಬಹುದು, ಅದಕ್ಕೆ 90 ದಿನ. ರಿವಿಷನ್ ಹಾಕಿದ ಮಾತ್ರಕ್ಕೆ ಕೊಡುವುದು ನಿಲ್ಲುವುದಿಲ್ಲ, ಹೈಕೋರ್ಟ್ ತಡೆ ಕೊಟ್ಟರೆ ಮಾತ್ರ. ಮುಂದೆ ಯಾರದ್ದಾದರೂ ಪರಿಸ್ಥಿತಿ ಬದಲಾದರೆ ಮೊತ್ತ ಹೆಚ್ಚು ಕಡಿಮೆ ಮಾಡಿಸಲು ಇದೇ ಕೋರ್ಟಿಗೆ ಬೇರೆ ಅರ್ಜಿ ಇದೆ.

ವಕೀಲರಿಗೆ ಕೊಡಲು ದುಡ್ಡಿಲ್ಲದವರು?

ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹತೆ ಇದೆ. ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಮೊಬೈಲಿನಲ್ಲಿ ಇಳಿಸಿಕೊಂಡ ಪ್ರತಿ ನೋಡಿ ಸಾರಾಂಶ ಬರೆಯಬಹುದಾ?

ಬರೆಯಬಹುದು. `services.ecourts.gov.in` ನಲ್ಲಿ ಪ್ರತಿ ಕೇಸಿಗೂ ಬೇರೆ ಬೇರೆ ಇರುವ 16 ಅಕ್ಷರ-ಅಂಕಿಗಳ CNR ನಂಬರ್ ಹಾಕಿದರೆ ಕೇಸಿನ ವಿವರ ಬರುತ್ತದೆ, ಆದೇಶ ಏರಿಸಿದ್ದರೆ ಅದೂ ಸಿಗುತ್ತದೆ. ಓದಲು ಅದು ಸಾಕು. ವಸೂಲಿ ಅರ್ಜಿಗೋ ರಿವಿಷನ್‌ಗೋ ಮಾತ್ರ ಮೊಹರು ಇರುವ ದೃಢೀಕೃತ ಪ್ರತಿ ಬೇಕು. ಪುಟ ಎಣಿಸಿಕೊಳ್ಳಿ. ವಾಟ್ಸಾಪಿನಲ್ಲಿ ಬಂದ ಫೋಟೋಗಳಲ್ಲಿ ಕೊನೆಯ ಪುಟವೇ ಇಲ್ಲದಿರುವುದು ಮಾಮೂಲಿ.

ಎಲ್ಲ ಸೇರಿಸಿದರೆ ಸಾರಾಂಶ ಹೇಗೆ ಕಾಣುತ್ತದೆ?

ನಾನಾದರೆ ಹೀಗೆ ಬರೆಯುತ್ತೇನೆ:

*ತೀರ್ಮಾನ:* ಗಂಡ ತಿಂಗಳಿಗೆ ಹೆಂಡತಿಗೆ 6,000, ಮಗಳಿಗೆ 4,000 ಕೊಡಬೇಕು. ಮಗಳದ್ದು ಆಕೆಗೆ 18 ತುಂಬುವವರೆಗೆ. ಎರಡೂ 2022ರ ಜುಲೈ 10ರಿಂದ ಲೆಕ್ಕ. ವ್ಯಾಜ್ಯದ ಖರ್ಚು 5,000. ಕೇಳಿದ್ದು ಒಟ್ಟು 25,000.

*ಯಾಕೆ:* ಗಂಡ ಹೇಳಿದ 9,000 ಆದಾಯವನ್ನು ಕೋರ್ಟ್ ನಂಬಲಿಲ್ಲ. ಆತ ಕಟ್ಟುವ ಗಾಡಿ ಕಂತೇ 11,500. ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರವನ್ನೂ ಹಾಕಲಿಲ್ಲ. ಕೇಳಿದಷ್ಟು ಕೊಡದಿರಲು ಕಾರಣ ಎರಡು: ತೋಟದ ಪಹಣಿ ಅಜ್ಜನ ಹೆಸರಲ್ಲಿದೆ, ಹೆಂಡತಿಗೆ ಟೈಲರಿಂಗ್‌ನಿಂದ 4,000 ಬರುತ್ತದೆ. ಹಿಂಸೆಯ ಆರೋಪವನ್ನು ಕೋರ್ಟ್ ತೀರ್ಮಾನಿಸಿಲ್ಲ.

*ಮಾಡಬೇಕಾದ್ದು:* ಗಂಡ ಹಳೆಯ ಬಾಕಿಯನ್ನು 2025ರ ಜೂನ್ 10ರೊಳಗೆ ಕೊಡಬೇಕು. ನಮ್ಮ ಲೆಕ್ಕದಲ್ಲಿ 2,60,000 (32 ತಿಂಗಳಿಗೆ 3,20,000, ಕೊಟ್ಟಿರುವ 60,000 ಕಳೆದು). ಮುಂದಿನದ್ದನ್ನು ಪ್ರತಿ ತಿಂಗಳು 10ರೊಳಗೆ ಹೆಂಡತಿಯ ಖಾತೆಗೆ ಹಾಕಬೇಕು. ಖರ್ಚಿನ 5,000ಕ್ಕೆ ಗಡುವು ಹೇಳಿಲ್ಲ. ಹೆಂಡತಿ ಖಾತೆ ನಂಬರ್ ಕೊಡಬೇಕು, ಉಚಿತ ಪ್ರತಿ ಪಡೆಯಬೇಕು.

ಇದರ ಕೆಳಗೆ ಗೆರೆ. ಗೆರೆಯ ಕೆಳಗೆ ವಸೂಲಿ ಮತ್ತು ರಿವಿಷನ್ ವಿಷಯ.

ಕಾರಣದ ಭಾಗದಲ್ಲಿ ಒಂದು ಅಂಕಿ, ಕೊನೆಯ ಪುಟದಲ್ಲಿ ಇನ್ನೊಂದು ಅಂಕಿ ಇದ್ದರೆ?

ಆಗುತ್ತದೆ. ಒಳಗೆ "ಮಗಳಿಗೆ ರೂ. 5,000 ಸೂಕ್ತ" ಎಂದು ಬರೆದು, ಕೊನೆಯಲ್ಲಿ 4,000 ಎಂದು ಟೈಪಾಗಿರುವುದು ಉಂಟು. ಯಾವುದು ಸರಿ ಎಂದು ನೀವು ತೀರ್ಮಾನಿಸಬೇಡಿ. ಎರಡನ್ನೂ ಪುಟದ ಸಂಖ್ಯೆ ಸಮೇತ ಬರೆದು ಅವತ್ತೇ ವಕೀಲರಿಗೆ ತೋರಿಸಿ. ಬರವಣಿಗೆಯ ತಪ್ಪು, ಕೂಡುವ ಕಳೆಯುವ ತಪ್ಪುಗಳನ್ನು ತಿದ್ದುವ ಅಧಿಕಾರ ಅದೇ ಕೋರ್ಟಿಗೆ ಇದೆ, ಅದಕ್ಕೆ ಒಂದು ಸಣ್ಣ ಅರ್ಜಿ ಹಾಕಬೇಕು. ತಿದ್ದುವವರೆಗೆ ಜಾರಿಯಲ್ಲಿರುವುದು ಕೊನೆಯ ಪುಟದ 4,000.